ಲೆಕ್ಕ ಬರೆಯೋರು ಸಲಹೆಗಾರರಾಗೋಕೆ ಹೊರಟ್ರೆ ಪ್ರೊಫೈಲ್‌ನಲ್ಲಿ ಮೊದಲ ಎರಡು ಸಾಲು ಏನಿರಬೇಕು?

ಹೊಳೆಹೊನ್ನೂರು: ಶಿವಮೊಗ್ಗದ ಅಡಿಕೆ ಮಂಡಿ, ಭದ್ರಾವತಿ ಕಡೆಯ ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಹಾರ್ಡ್‌ವೇರ್ ಅಂಗಡಿ. ಇಂಥ ಕಡೆ ಹತ್ತು ಹದಿನೈದು ವರ್ಷ ಲೆಕ್ಕ ಬರೆದವರು ನಮ್ಮ ಹೋಬಳಿಯಲ್ಲಿ ಸುಮಾರು ಜನ ಇದ್ದಾರೆ. ಬೆಳಗ್ಗೆ ಬಸ್ಸು ಹತ್ತಿ ಹೋಗಿ, ರಾತ್ರಿ ಬಂದು, ತಿಂಗಳ ಸಂಬಳಕ್ಕೆ ಕಾಯೋರು. ಅವರಲ್ಲಿ ಕೆಲವರಿಗೆ ಈಗ ಬೇರೆ ಯೋಚನೆ. ಒಬ್ಬರ ಹತ್ತಿರ ಪೂರ್ತಿ ದಿನ ಕೂರುವ ಬದಲು ನಾಲ್ಕೈದು ಕಡೆಯವರಿಗೆ ಸಲಹೆ ಕೊಟ್ಟು ದುಡಿಯೋಣ ಅಂತ. ಅದಕ್ಕೆ ಮೊದಲ ಹೆಜ್ಜೆ ಅಂತ ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆಯುತ್ತಾರೆ. About ಅನ್ನೋ ಜಾಗದಲ್ಲಿ ತಮ್ಮ ಬಗ್ಗೆ ನಾಲ್ಕು ಮಾತು ಬರೆಯೋಕೆ ಕೂತಾಗ ಕೈ ನಿಲ್ಲುತ್ತೆ.

ನಿಂತ ಕೈಯಲ್ಲಿ ಸಾಮಾನ್ಯವಾಗಿ ಬರೋದು ಹಳೇ ಬಯೋಡೇಟಾದ ಮಾತು. '16 ವರ್ಷ ಅನುಭವವಿರುವ, ಶ್ರಮಜೀವಿ, ಪ್ರಾಮಾಣಿಕ ಅಕೌಂಟೆಂಟ್. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ, ಟಿಡಿಎಸ್ ಗೊತ್ತು. ಉತ್ತಮ ಅವಕಾಶ ಹುಡುಕುತ್ತಿದ್ದೇನೆ.' ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಓದಿದ ಗಿರಣಿ ಮಾಲೀಕರಿಗೆ ತಿಳಿಯೋದು ಒಂದೇ: ಈ ಮನುಷ್ಯನಿಗೆ ಕೆಲಸ ಬೇಕಾಗಿದೆ. ಕೆಲಸ ಕೇಳುವವನಿಗೆ ಸಂಬಳದ ಲೆಕ್ಕ, ತೊಂದರೆ ಬಿಡಿಸುವವನಿಗೆ ಫೀಸಿನ ಲೆಕ್ಕ. ಬರೆದ ಮೊದಲ ಸಾಲಿನಲ್ಲೇ ಇದು ತೀರ್ಮಾನ ಆಗಿಬಿಡುತ್ತೆ.

ಜಾಗದ ಲೆಕ್ಕ ಮೊದಲು ತಿಳಿದಿರಲಿ. ಹೆಸರಿನ ಕೆಳಗೆ ಬರುವ Headlineಗೆ 220 ಅಕ್ಷರ, About ಭಾಗಕ್ಕೆ 2,600 ಅಕ್ಷರದವರೆಗೆ ಜಾಗ ಇದೆ. ಅಷ್ಟನ್ನೂ ತುಂಬಬೇಕು ಅಂತೇನಿಲ್ಲ. ಮೊಬೈಲಿನಲ್ಲಿ ನೋಡಿದಾಗ Aboutನ ಮೊದಲ ಕೆಲವು ಸಾಲು ಮಾತ್ರ ಕಾಣಿಸುತ್ತೆ, ಉಳಿದದ್ದಕ್ಕೆ ಒತ್ತಿ ತೆರೀಬೇಕು. ಒತ್ತುವವರು ಕಡಿಮೆ. ಹಾಗಾಗಿ ವಿಷಯ ಮೇಲೇ ಇರಬೇಕು, ಹುಟ್ಟೂರು, ಓದು, ಮೊದಲ ನೌಕರಿ ಎಲ್ಲ ಕೆಳಗೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ

ಹೊಳೆಹೊನ್ನೂರಿನ ಒಬ್ಬ ಅಕೌಂಟೆಂಟ್ ಅಂದುಕೊಳ್ಳಿ. ವಯಸ್ಸು 41, ಬಿ.ಕಾಂ ಆಗಿದೆ, ಸಿಎ ಅಲ್ಲ. ಅಡಿಕೆ ಮಂಡಿಯಲ್ಲಿ 9 ವರ್ಷ, ಅಕ್ಕಿ ಗಿರಣಿಯಲ್ಲಿ 7 ವರ್ಷ. ಮಗಳು ಪಿಯುಸಿ, ಹಾಗಾಗಿ ಸಂಬಳ ಒಮ್ಮೆಲೇ ಬಿಡೋ ಹಾಗಿಲ್ಲ. ಅವರು ಮೊದಲು ಪೆನ್ನು ಹಿಡಿದು ಕೂರಬೇಕಾದದ್ದು 'ನನಗೇನು ಗೊತ್ತು' ಅಂತ ಪಟ್ಟಿ ಮಾಡೋಕಲ್ಲ. 'ಕಳೆದ ಎರಡು ವರ್ಷದಲ್ಲಿ ಬೇರೆ ಗಿರಣಿಯವರು ಯಾವ ವಿಷಯಕ್ಕೆ ನನಗೆ ಫೋನ್ ಮಾಡಿದ್ರು' ಅಂತ ನೆನಪು ಮಾಡಿಕೊಳ್ಳೋಕೆ. ಪುಕ್ಕಟೆ ಸಲಹೆ ಕೇಳಿದ್ದು ಯಾವುದಕ್ಕೋ, ದುಡ್ಡು ಕೊಟ್ಟು ಕೇಳೋದೂ ಅದಕ್ಕೇ.

ಈ ಉದಾಹರಣೆಯಲ್ಲಿ ಅಂಥ ವಿಷಯ ಒಂದಿದೆ: ಅಕ್ಕಿ ಚೀಲದ ತೆರಿಗೆ. 2022ರ ಜುಲೈ 18ರಿಂದ ಲೇಬಲ್ ಹಚ್ಚಿ ಪ್ಯಾಕ್ ಮಾಡಿದ 25 ಕೆ.ಜಿ.ವರೆಗಿನ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. 26 ಕೆ.ಜಿ. ಚೀಲಗಳು ಅಂಗಡಿಗಳಲ್ಲಿ ಯಾಕೆ ಕಾಣಿಸ್ತಾವೆ ಅನ್ನೋದು ಕಿರಾಣಿಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಆದರೆ ಎರಡೂ ಬಗೆ ಮಾರುವ ಗಿರಣಿಯ ಒಳಗಿನ ಲೆಕ್ಕ ಇದರಿಂದ ತೊಡಕಾಯ್ತು. ಬೆಲ್ಟು, ಬೇರಿಂಗು, ರಿಪೇರಿ ಹೀಗೆ ಎರಡೂ ಬಗೆಯ ಅಕ್ಕಿಗೆ ಸೇರಿ ಆಗುವ ಖರ್ಚಿಗೆ ಕೊಟ್ಟ ತೆರಿಗೆಯನ್ನು ಪೂರ್ತಿ ವಾಪಸ್ ಹಿಡಿಯೋ ಹಾಗಿಲ್ಲ. ತೆರಿಗೆ ಇರುವ ಮಾರಾಟ ಎಷ್ಟು ಪಾಲೋ, ಅಷ್ಟು ಪಾಲು ಮಾತ್ರ.

ಒಂದು ತಿಂಗಳ ಅಂಕಿ ಹಾಕಿ ನೋಡಿದರೆ ಸುಲಭ. ಗಿರಣಿಯ ಒಟ್ಟು ಮಾರಾಟ 60 ಲಕ್ಷ ರೂಪಾಯಿ, ಅದರಲ್ಲಿ ಸಣ್ಣ ಪ್ಯಾಕೆಟ್ಟಿನದ್ದು 15 ಲಕ್ಷ. ಅಂದರೆ ನಾಲ್ಕರಲ್ಲಿ ಒಂದು ಪಾಲು. ಇಂಥ ಕೂಡು ಖರ್ಚಿಗೆ ಕೊಟ್ಟ ತೆರಿಗೆ 40,000 ರೂಪಾಯಿ ಆಗಿದ್ದರೆ, ಹಿಡಿಯಬಹುದಾದದ್ದು 10,000. ಉಳಿದ 30,000 ಬಿಡಬೇಕು. ವರ್ಷದ ಕೊನೆಗೆ ಇಡೀ ವರ್ಷದ ಮಾರಾಟ ಹಿಡಿದು ಮತ್ತೊಮ್ಮೆ ಲೆಕ್ಕ ಸರಿಮಾಡಬೇಕು. ಗೊತ್ತಿಲ್ಲದೆ ಪೂರ್ತಿ 40,000 ಹಿಡಿದು ಬಳಸಿಬಿಟ್ಟರೆ, ಮುಂದೊಂದು ದಿನ ಅದನ್ನು ವರ್ಷಕ್ಕೆ ಶೇ 18ರ ಬಡ್ಡಿ ಸೇರಿಸಿ ಕಟ್ಟಬೇಕಾಗುತ್ತೆ. ಬರೀ ಒಂದು ತಿಂಗಳದ್ದಲ್ಲ, ತಪ್ಪು ಮಾಡಿದ ಅಷ್ಟೂ ತಿಂಗಳದ್ದು.

ಈಗ ಅದೇ ಪ್ರೊಫೈಲ್ ಹೀಗೆ ಶುರು ಆಗಬಹುದು:

'25 ಕೆ.ಜಿ. ಪ್ಯಾಕೆಟ್ಟು, ದೊಡ್ಡ ಚೀಲ ಎರಡನ್ನೂ ಮಾರುವ ಅಕ್ಕಿ ಗಿರಣಿಗಳಿಗೆ, ಕೊಟ್ಟ ಜಿಎಸ್‌ಟಿಯಲ್ಲಿ ಎಷ್ಟು ವಾಪಸ್ ಹಿಡಿಯಬಹುದು, ಎಷ್ಟು ಬಿಡಬೇಕು ಅನ್ನೋದನ್ನು ಪ್ರತಿ ತಿಂಗಳು 18ನೇ ತಾರೀಖಿನೊಳಗೆ ಲೆಕ್ಕ ಮಾಡಿ ಕೊಡುತ್ತೇನೆ.

ಖರೀದಿ ಬಿಲ್ಲುಗಳನ್ನು ಪೋರ್ಟಲ್‌ನ ಜಿಎಸ್‌ಟಿಆರ್-2ಬಿ ಜೊತೆ ಹೋಲಿಸಿ, ಬಾರದ ಬಿಲ್ಲುಗಳ ಪಟ್ಟಿಯನ್ನು ಮಾರಿದವರ ಹೆಸರಿನ ಸಮೇತ ಕೊಡುತ್ತೇನೆ. ನಿಮ್ಮ ಅಕೌಂಟೆಂಟ್ ಇದ್ದರೆ ಅವರ ಜೊತೆಯಲ್ಲೇ ಕೂತು ಮಾಡುತ್ತೇನೆ.

ಗಿರಣಿ ಮತ್ತು ಅಡಿಕೆ ಮಂಡಿ ಲೆಕ್ಕದಲ್ಲಿ 16 ವರ್ಷದ ಅನುಭವ. ಬಿ.ಕಾಂ. ಆಡಿಟ್ ಮಾಡುವುದಿಲ್ಲ, ಅದಕ್ಕೆ ನಿಮ್ಮ ಸಿಎ ಅವರೇ ಬೇಕು. ಅವರಿಗೆ ಬೇಕಾದ ಕಾಗದ ಸಿದ್ಧಮಾಡಿ ಕೊಡುತ್ತೇನೆ. ಶಿವಮೊಗ್ಗ, ಭದ್ರಾವತಿ, ದಾವಣಗೆರೆ ಕಡೆ ನೇರ ಬರುತ್ತೇನೆ.'

ಇದರಲ್ಲಿ ಶ್ರಮಜೀವಿ ಅನ್ನೋ ಪದ ಇಲ್ಲ. 18ನೇ ತಾರೀಖು ಅಂತ ಬರೆದದ್ದೂ ಸುಮ್ಮನೆ ಅಲ್ಲ. ಜಿಎಸ್‌ಟಿಆರ್-2ಬಿ ಪ್ರತಿ ತಿಂಗಳು 14ಕ್ಕೆ ಪೋರ್ಟಲ್‌ಗೆ ಬರುತ್ತೆ, ತಿಂಗಳ ರಿಟರ್ನ್ ಕಟ್ಟೋಕೆ 20 ಕೊನೆ. ಈ ಮಧ್ಯದ ಆರು ದಿನದ ಒದ್ದಾಟ ಗೊತ್ತಿರುವ ಮಾಲೀಕರಿಗೆ, ಬರೆದವರು ಕೆಲಸ ಬಲ್ಲವರು ಅನ್ನೋದು ಆ ಒಂದು ತಾರೀಖಿನಲ್ಲೇ ತಿಳಿಯುತ್ತೆ.

Headline ಇನ್ನೂ ಚಿಕ್ಕದು. 'ಸೀನಿಯರ್ ಅಕೌಂಟೆಂಟ್' ಅಂತ ಹುದ್ದೆ ಹಾಕುವ ಬದಲು 'ಅಕ್ಕಿ ಗಿರಣಿಗಳ ಜಿಎಸ್‌ಟಿ ಲೆಕ್ಕ ಸಲಹೆ, ಶಿವಮೊಗ್ಗ ಜಿಲ್ಲೆ' ಅಂದರೆ ಸಾಕು. ಹುಡುಕುವವರು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ ಟೈಪ್ ಮಾಡುತ್ತಾರೆ, ಹಾಗಾಗಿ ಕೆಲಸದ ಹೆಸರು ಮತ್ತು ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೂ ಸೇರಿಸಬೇಕು. ಊರು ಅಂತ ಹೊಳೆಹೊನ್ನೂರು ಒಂದೇ ಹಾಕಿದರೆ ದಾವಣಗೆರೆಯವರಿಗೆ ಸಿಗಲ್ಲ. ಶಿವಮೊಗ್ಗ, ಭದ್ರಾವತಿ ಎರಡೂ ಇರಲಿ.

ಎಲ್ಲಿ ಎಡವುತ್ತಾರೆ

ದೊಡ್ಡ ತಪ್ಪು ಪದವಿಯ ವಿಚಾರದಲ್ಲಿ ಆಗೋದು. ಊರಲ್ಲಿ ಲೆಕ್ಕ ಬರೆಯೋರನ್ನೆಲ್ಲ 'ಆಡಿಟರ್' ಅಂತಲೇ ಕರೀತಾರೆ. ಮಾತಲ್ಲಿ ನಡೆಯುತ್ತೆ, ಬರಹದಲ್ಲಿ ನಡೆಯಲ್ಲ. ಸಂಸ್ಥೆಯ ಸದಸ್ಯರಲ್ಲದವರು ಚಾರ್ಟರ್ಡ್ ಅಕೌಂಟೆಂಟ್ ಅಂತ ಹೇಳಿಕೊಳ್ಳೋದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ಅಪರಾಧ. ಆದಾಯ ತೆರಿಗೆಯ ಟ್ಯಾಕ್ಸ್ ಆಡಿಟ್‌ಗೆ ಸಹಿ ಹಾಕೋದೂ ಸಿಎಗಳೇ. 'ಜಿಎಸ್‌ಟಿ ಪ್ರಾಕ್ಟೀಷನರ್' ಅನ್ನೋದು ಕೂಡ ಯಾರು ಬೇಕಾದರೂ ಹಾಕಿಕೊಳ್ಳುವ ಬಿರುದಲ್ಲ. ವಾಣಿಜ್ಯ ಪದವಿ ಇದ್ದವರು ಜಿಎಸ್‌ಟಿ ಪೋರ್ಟಲ್‌ನಲ್ಲಿ GST PCT-01 ಫಾರಂ ಹಾಕಿ ನೋಂದಣಿ ಮಾಡಿಸಬೇಕು. ಆದ ಮೇಲೆ ಬರೀಲಿ. ಅಲ್ಲಿಯವರೆಗೆ 'ಲೆಕ್ಕ ಸಲಹೆ' ಅನ್ನೋ ಮಾತೇ ಸಾಕು. 'ಆಡಿಟ್ ಮಾಡುವುದಿಲ್ಲ' ಅಂತ ಬರೆದರೆ ಗಿರಾಕಿ ಕಡಿಮೆ ಆಗ್ತಾರೆ ಅಂತ ಹೆದರೋರು ಇದ್ದಾರೆ. ಆದರೆ ಗಿರಣಿಯ ಸಿಎ ಅವರೇ 'ಈ ಭಾಗ ಅವರ ಹತ್ತಿರ ಮಾಡಿಸಿ' ಅಂತ ಕಳಿಸೋ ಸಾಧ್ಯತೆ ಇರೋದು ಈ ಸಾಲಿನಿಂದಲೇ.

ಎರಡನೇದು ಹಳೇ ಮಾಲೀಕರ ಗುಟ್ಟು. ಬೆಂಗಳೂರಿನಲ್ಲಿ 'ಒಂದು ದೊಡ್ಡ ಗಿರಣಿಗೆ ಇಷ್ಟು ಲಕ್ಷ ಉಳಿಸಿದೆ' ಅಂದರೆ ಯಾವ ಗಿರಣಿ ಅಂತ ಯಾರಿಗೂ ಗೊತ್ತಾಗಲ್ಲ. ಇಲ್ಲಿ 'ಹೊಳೆಹೊನ್ನೂರಿನ ಒಂದು ಗಿರಣಿ' ಅಂದ ತಕ್ಷಣ ಟೀ ಅಂಗಡಿಯಲ್ಲಿ ಕೂತವರು ಹೆಸರು, ಮಾಲೀಕರ ಮನೆ ಎರಡನ್ನೂ ಹೇಳ್ತಾರೆ. ಅವರ ವಹಿವಾಟು, ಬಾಕಿ, ದಂಡ ಬೀದಿಗೆ ಬಂದ ಹಾಗಾಯ್ತು. 'ಭದ್ರಾ ಅಚ್ಚುಕಟ್ಟಿನ ಗಿರಣಿಗಳು' ಅಂತ ದೊಡ್ಡ ವ್ಯಾಪ್ತಿ ಹಿಡಿದು ಬರೆಯೋದು ಒಳ್ಳೇದು, ರೂಪಾಯಿಯ ಬದಲು ದಿನದ ಲೆಕ್ಕ ಕೊಡೋದು ಇನ್ನೂ ಒಳ್ಳೇದು. ಮೊದಲು ತಿಂಗಳ ಲೆಕ್ಕ ಮುಗಿಯೋದು 25ಕ್ಕೆ, ಈಗ 8ಕ್ಕೆ ಅಂದರೆ ಯಾರ ಗುಟ್ಟೂ ಹೊರಗೆ ಬರಲ್ಲ, ಕೆಲಸ ಮಾತ್ರ ಕಾಣುತ್ತೆ. ಅದು ನಿಜ ಆಗಿದ್ದರೆ ಮಾತ್ರ ಬರೀಬೇಕು, ಯಾಕಂದ್ರೆ ಹಳೇ ಮಾಲೀಕರಿಗೆ ಒಂದು ಫೋನ್ ಮಾಡಿದರೆ ಗೊತ್ತಾಗೋ ವಿಷಯ ಇದು.

ಇನ್ನೂ ನೌಕರಿಯಲ್ಲಿ ಇರೋರು ಮಾಲೀಕರಿಗೆ ಮೊದಲೇ ಬಾಯಿಬಿಟ್ಟು ಹೇಳೋದು ವಾಸಿ. ಫೋಟೋ ಸುತ್ತ Open to work ಅನ್ನೋ ಹಸಿರು ಪಟ್ಟಿ ಹಾಕಿಕೊಂಡರೆ ನೋಡುವವರೆಲ್ಲರಿಗೂ ಕಾಣುತ್ತೆ, ಮಾಲೀಕರ ಮಗನಿಗೂ. ಸಲಹೆಗಾರರಿಗೆ ಆ ಪಟ್ಟಿ ಬೇಕಾಗಿಯೂ ಇಲ್ಲ, ಅದು ನೌಕರಿ ಹುಡುಕುವವರದ್ದು. ಅದೇ ಜಾಗದಲ್ಲಿ Providing services ಅಂತ ಬೇರೆ ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಬೇಕು. ಅನುಭವದ ಭಾಗ ತಿದ್ದುವಾಗ Notify network ಅನ್ನೋದನ್ನು ಆಫ್ ಮಾಡಿದರೆ ಪರಿಚಯದವರಿಗೆಲ್ಲ ಸುದ್ದಿ ಹೋಗಲ್ಲ.

ಬರೆದದ್ದು ಸರಿಯಾಯ್ತಾ ಅಂತ ತಿಳಿಯೋಕೆ ಬರೋ ಫೋನ್ ಕರೆಗಳೇ ಸಾಕು. 'ನಮ್ಮಲ್ಲಿ ಅಕೌಂಟೆಂಟ್ ಜಾಗ ಖಾಲಿ ಇದೆ, ಬರ್ತೀರಾ' ಅಂತ ಕೇಳಿದರೆ ಮೊದಲ ಸಾಲು ಇನ್ನೂ ಬಯೋಡೇಟಾದ ಹಾಗೇ ಇದೆ ಅಂತ. 'ರಿಟರ್ನ್ ಹಾಕೋಕೆ ಎಷ್ಟು ತಗೋತೀರಾ' ಅಂತ ಬರೀ ರೇಟು ಕೇಳಿದರೆ, ಎಲ್ಲರೂ ಮಾಡುವ ಕೆಲಸವನ್ನೇ ಮೇಲೆ ಬರೆದಿದ್ದಾರೆ ಅಂತ. 'ನಮ್ಮದೂ 26 ಕೆ.ಜಿ., 10 ಕೆ.ಜಿ. ಎರಡೂ ಇದೆ, ಹಳೇ ವರ್ಷದ್ದೂ ನೋಡ್ತೀರಾ' ಅಂತ ಕೇಳಿದರೆ ಸಾಲು ಸರಿಯಾದ ಜಾಗಕ್ಕೆ ತಲುಪಿದೆ. ಫೋನ್ ಬರೋವರೆಗೆ ಕಾಯೋಕೆ ಆಗದಿದ್ದರೆ, ಪರಿಚಯದ ಗಿರಣಿಯವರ ಕೈಗೆ ಮೊಬೈಲ್ ಕೊಟ್ಟು ಹತ್ತು ಸೆಕೆಂಡ್ ಓದಿಸಿ ವಾಪಸ್ ತಗೊಂಡು, 'ಇವರು ಏನು ಮಾಡ್ತಾರಂತೆ' ಅಂತ ಕೇಳಬಹುದು. ಉತ್ತರ 'ಲೆಕ್ಕ ಬರೀತಾರೆ' ಅಂತ ಬಂದರೆ ಮತ್ತೆ ಬರೀಬೇಕು.

ಲಿಂಕ್ಡ್‌ಇನ್‌ನಿಂದಲೇ ಹೊಳೆಹೊನ್ನೂರಿನ ಗಿರಾಕಿ ಬರ್ತಾರೆ ಅಂದುಕೊಳ್ಳೋದು ಬೇಡ. ಇಲ್ಲಿ ಹೆಸರು ಬಾಯಿಂದ ಬಾಯಿಗೆ ಹೋಗುತ್ತೆ. ಹೆಸರು ಕೇಳಿದವರು 'ಯಾರು ನೋಡೋಣ' ಅಂತ ಮೊಬೈಲ್ ತೆಗೆದಾಗ ಕಾಣೋದಕ್ಕೆ ಈ ಬರಹ. ಇವೇ ಮೊದಲ ಎರಡು ಸಾಲನ್ನು ವಾಟ್ಸ್‌ಆ್ಯಪ್ ಬಿಸಿನೆಸ್ ಖಾತೆಯಲ್ಲೂ ಹಾಕಿದರೆ ಎರಡು ಕಡೆ ಒಂದೇ ಮಾತು ಸಿಗುತ್ತೆ.

ಕೊನೆಯ ಸಾಲಲ್ಲಿ 'ಯಾವಾಗ ಬೇಕಾದರೂ ಕರೆ ಮಾಡಿ' ಅಂತ ಬರೆಯೋದು ಬೇಡ. ಹಗಲು ನೌಕರಿ ಇರುವವರು 14ರಿಂದ 20ರವರೆಗೆ ಯಾವಾಗ ಬೇಕಾದರೂ ಫೋನ್ ಎತ್ತೋಕೆ ಆಗಲ್ಲ, ಎತ್ತದಿದ್ದರೆ ಹೊಸ ಗಿರಾಕಿ ಎರಡನೇ ಸಲ ಮಾಡಲ್ಲ. 'ಕರೆಗೆ ಸಂಜೆ 7ರಿಂದ 9. ಭಾನುವಾರ ಗಿರಣಿಗೆ ಬಂದು ನೋಡುತ್ತೇನೆ' ಅಂತ ಇದ್ದರೆ ಸಾಕು.