ಅಮ್ಮನ ಮದುವೆಗೆ ಮಗನ ಸಹಿ

ಹಾಸನದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಪ್ಪ ತೀರಿಕೊಂಡು ನಾಲ್ಕು ವರ್ಷ. ಅಮ್ಮ ಶಾಲಾ ಶಿಕ್ಷಕಿ, ವಯಸ್ಸು 49. ಒಬ್ಬನೇ ಮಗ, 25 ವರ್ಷ, ಬೆಂಗಳೂರಿನಲ್ಲಿ ಕೆಲಸ. ಹೆಂಡತಿ ತೀರಿಕೊಂಡಿರುವ ಮೇಷ್ಟ್ರೊಬ್ಬರನ್ನು ಮದುವೆಯಾಗುವ ಯೋಚನೆಯಿದೆ ಎಂದು ಅಮ್ಮ ಫೋನಿನಲ್ಲಿ ಹೇಳುತ್ತಾರೆ. ‘ಒಳ್ಳೇದಾಯ್ತು ಬಿಡಮ್ಮ’ ಅನ್ನುತ್ತಾನೆ ಮಗ. ರಾತ್ರಿ ಅವನಿಗೆ ನಿದ್ದೆ ಹತ್ತುವುದಿಲ್ಲ.

ಆ ಮಾತು ಸುಳ್ಳಲ್ಲ. ಅಮ್ಮನಿಗೆ ಜ್ವರ ಬಂದರೆ ನೋಡಿಕೊಳ್ಳುವವರು ಯಾರು ಎಂಬ ಅವನ ಚಿಂತೆ ನಿಜವಾಗಿಯೂ ಇಳಿದಿದೆ. ಆದರೂ ಸಿಟ್ಟು ಬರುತ್ತದೆ, ಅಪ್ಪನನ್ನು ಇಷ್ಟು ಬೇಗ ಮರೆತರೇ ಎಂದು. ಅವನು ಊರಿಗೆ ಬರುವುದು ಯುಗಾದಿಗೆ, ದೀಪಾವಳಿಗೆ. ಬಂದಾಗಲೆಲ್ಲ ಅಪ್ಪನ ಕನ್ನಡಕ, ಶರ್ಟುಗಳ ಬೀರು ಇದ್ದ ಹಾಗೇ ಇರುತ್ತವೆ. ಅಮ್ಮ ಮಾತ್ರ ಅದೇ ಮನೆಯಲ್ಲಿ ದಿನಾ ಸಂಜೆ ಒಬ್ಬರಿಗೇ ಅನ್ನಕ್ಕಿಟ್ಟು ಕಳೆದಿದ್ದಾರೆ. ಅವರ ದುಃಖ ದಿನದಿನವೂ ಸವೆದಿದೆ, ಮಗನದು ರಜೆಯಿಂದ ರಜೆಗೆ. ಅಮ್ಮನಿಗೆ ದೀರ್ಘವಾದ ನಾಲ್ಕು ವರ್ಷ ಅವನಿಗೆ ಮೊನ್ನೆ ಮೊನ್ನೆ ಅನ್ನಿಸುವುದು ಇದರಿಂದಲೇ. ಇಬ್ಬರಲ್ಲಿ ಯಾರ ಪ್ರೀತಿಯೂ ಕಡಿಮೆಯಾದದ್ದಲ್ಲ.

ಇನ್ನೊಂದು ಅಳುಕಿದೆ, ಅದನ್ನು ಬಾಯಿಬಿಟ್ಟು ಕೇಳಲು ನಾಚಿಕೆ: ಮನೆ ಯಾರಿಗೆ? ಕೇಳಬೇಕಾದ ಪ್ರಶ್ನೆಯೇ ಇದು. ಕುಟುಂಬಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವುದಾದರೆ, ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆಗೆ ವಿಲ್ ಬರೆದಿಡದಿದ್ದರೆ, ಹೆಂಡತಿಗೂ ಮಗನಿಗೂ, ಅಜ್ಜಿ ಆಗ ಬದುಕಿದ್ದರೆ ಅವರಿಗೂ, ಸಮಪಾಲು. ಮರುಮದುವೆಯಿಂದ ಅಮ್ಮನ ಪಾಲು ಹೋಗುವುದಿಲ್ಲ, ಮಗನದೂ ಹೋಗುವುದಿಲ್ಲ. ತೊಡಕು ಬರುವುದು ಮುಂದೆ. ಅಮ್ಮ ವಿಲ್ ಬರೆಯದೆ ತೀರಿಕೊಂಡರೆ ಅವರ ಪಾಲು ಮಗನಿಗೂ ಹೊಸ ಗಂಡನಿಗೂ ಸಮವಾಗಿ ಹಂಚಿಹೋಗುತ್ತದೆ. ಅದು ಬೇಡವೆನಿಸಿದರೆ ಮದುವೆಯಾದ ಕೂಡಲೇ ಅಮ್ಮ ವಿಲ್ ಬರೆಸಬೇಕು. ಅಪ್ಪನ ಕುಟುಂಬ ಪಿಂಚಣಿ ಬರುತ್ತಿದ್ದರೆ, ಮರುಮದುವೆಯಾದ ಮೇಲೆ ಅದು ಸಾಮಾನ್ಯವಾಗಿ ನಿಲ್ಲುತ್ತದೆ. ಇದನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ಇಷ್ಟು ಇತ್ಯರ್ಥವಾದರೆ ಸಿಟ್ಟಿನಲ್ಲಿ ಎಷ್ಟು ಪಾಲು ಭಯದ್ದು ಎಂಬುದು ಮಗನಿಗೇ ತಿಳಿಯುತ್ತದೆ.

ಮೇಷ್ಟ್ರನ್ನು ‘ಅಪ್ಪ’ ಎನ್ನಬೇಕಿಲ್ಲ. ‘ಮೇಷ್ಟ್ರೇ’ ಎಂದರೆ ಸಾಕು. ಹಾಲ್‌ನಲ್ಲಿರುವ ಅಪ್ಪನ ಫೋಟೊ ಅಲ್ಲೇ ಇರಲಿ. ಅದನ್ನು ತೆಗೆಸಬೇಕೆನ್ನುವ ಗಂಡಸು ಆ ಮನೆಗೆ ತಕ್ಕವನಲ್ಲ.

ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು 30 ದಿನ ಮೊದಲೇ ನೋಟಿಸ್ ಕೊಡಬೇಕು, ಮೂವರು ಸಾಕ್ಷಿಗಳು ಸಹಿ ಹಾಕಬೇಕು. ‘ಸಾಕ್ಷಿಗೆ ನೀನೇ ಬಾರೋ’ ಎಂದು ಅಮ್ಮ ಕರೆದರೆ ಮಗನಿಗೆ ಕೈ ನಡುಗಬಹುದು. ‘ಊಟಕ್ಕೆ ಬರ್ತೀನಮ್ಮ, ಸಹಿ ಮಾತ್ರ ಈಗ ಆಗಲ್ಲ’ ಎಂದು ಅವನು ಹೇಳಿದರೆ ಅದು ಅಮ್ಮನನ್ನು ತಿರಸ್ಕರಿಸಿದಂತಲ್ಲ.

ಮರುಮದುವೆಯ ಯೋಚನೆಯಲ್ಲಿರುವ ತಂದೆತಾಯಂದಿರಲ್ಲಿ ಒಂದು ಕೋರಿಕೆ: ನೆಂಟರ ಬಾಯಿಂದ ಗೊತ್ತಾಗುವ ಮೊದಲು ಮಕ್ಕಳಿಗೆ ನೀವೇ ಹೇಳಿ. ಅವರು ಮೊದಲ ದಿನ ಹೇಳಿದ ‘ಸರಿ’ಯನ್ನೇ ಕೊನೆಯ ಮಾತೆಂದುಕೊಳ್ಳದೆ, ಒಂದು ವಾರ ಬಿಟ್ಟು ಮತ್ತೆ ಕೇಳಿ.