ಹಣ ಕೊಟ್ಟಿದ್ದೋ, ಬರಬೇಕಾದ್ದೋ? ಸಬ್ಜೆಕ್ಟ್‌ನಲ್ಲೇ ಹೇಳಿ

ದೊಡ್ಡ ಕಂಪನಿಯ ಅಕೌಂಟ್ಸ್ ವಿಭಾಗ ಹೊರಗಿನವರಿಗೆ ಒಂದೇ ಎನಿಸುತ್ತದೆ. ಒಳಗೆ ಸಾಮಾನ್ಯವಾಗಿ ಎರಡು ತಂಡಗಳಿರುತ್ತವೆ. ಮಾಲು, ಸೇವೆ ಕೊಟ್ಟವರ ಬಿಲ್ ಪಾವತಿಸುವವರು ಒಂದು ಕಡೆ, ಗ್ರಾಹಕರಿಂದ ಬಂದ ಹಣವನ್ನು ಜಮಾ ಮಾಡಿಕೊಳ್ಳುವವರು ಇನ್ನೊಂದು ಕಡೆ. ಎಷ್ಟೋ ಕಡೆ ಇಬ್ಬರಿಗೂ ಇಮೇಲ್ ವಿಳಾಸ ಒಂದೇ. ಬಂದ ಮೇಲ್‌ಗಳನ್ನು ಸಬ್ಜೆಕ್ಟ್ ನೋಡಿಯೇ ಹಂಚುತ್ತಾರೆ. ಅಲ್ಲಿ ಬರೀ `Payment` ಎಂದಿದ್ದರೆ ಯಾವ ತಂಡದ್ದೆಂದು ತಿಳಿಯುವುದಿಲ್ಲ. ಯಾರಾದರೂ ತೆರೆದು ಓದುವವರೆಗೂ ಅದು ಅಲ್ಲೇ ಬಿದ್ದಿರುತ್ತದೆ.

ಒಂದು ಉದಾಹರಣೆ ನೋಡೋಣ. ಜನರೇಟರ್ ನಿರ್ವಹಣೆಯ ಗುತ್ತಿಗೆಗೆ 1,00,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 1,18,000 ರೂಪಾಯಿಯ ಬಿಲ್ ಬಂದಿದೆ. ನೀವು ಒಂದು ಲಕ್ಷದ ಮೇಲೆ ಶೇ. 2ರಂತೆ 2,000 ರೂಪಾಯಿ ಟಿಡಿಎಸ್ ಹಿಡಿದು 1,16,000 ರೂಪಾಯಿ ಕಳಿಸುತ್ತೀರಿ. ಗುತ್ತಿಗೆದಾರರ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಆ ಮೊತ್ತ ಕಾಣುತ್ತದೆ, ಆದರೆ ಅಷ್ಟು ಮೊತ್ತದ ಬಿಲ್ ಅವರ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಯಾವ ಬಿಲ್ಲಿನದೆಂದು ಗೊತ್ತಾಗದೆ ಹಣ ಸಸ್ಪೆನ್ಸ್ ಖಾತೆಯಲ್ಲಿ ಕೂರುತ್ತದೆ. ನಿಮ್ಮ ಹೆಸರಿನಲ್ಲಿ ಬಾಕಿ ಹಾಗೇ ಉಳಿದು, ಹಣ ಕೊಟ್ಟ ಮೇಲೂ ರಿಮೈಂಡರ್ ಬರುತ್ತದೆ. ಇದನ್ನು ತಪ್ಪಿಸುವ ಸಬ್ಜೆಕ್ಟ್ ಹೀಗಿರುತ್ತದೆ:

```
Payment made - Inv 0317/25-26 - Rs 1,16,000 after TDS 2,000
```

ಮೊದಲ ಎರಡು ಪದಗಳಲ್ಲೇ ಮೇಲ್ ಯಾವ ತಂಡದ್ದೆಂದು ಗೊತ್ತಾಯಿತು. ಬಿಲ್ ನಂಬರ್‌ನಿಂದ ಲೆಡ್ಜರ್‌ನಲ್ಲಿ ಹುಡುಕಬಹುದು, ಟಿಡಿಎಸ್ ಮೊತ್ತದಿಂದ ವ್ಯತ್ಯಾಸಕ್ಕೆ ಕಾರಣ ಸಿಕ್ಕಿತು. ಬ್ಯಾಂಕ್ ಕೊಟ್ಟ ಯುಟಿಆರ್ ನಂಬರ್ ಮತ್ತು ದಿನಾಂಕ ಮೇಲ್‌ನ ಒಳಗಿದ್ದರೆ ಸಾಕು. ಮೊಬೈಲ್‌ನಲ್ಲಿ ಉದ್ದದ ಸಬ್ಜೆಕ್ಟ್‌ನ ಕೊನೆ ಕತ್ತರಿಸಿಹೋಗುವುದರಿಂದ ಮುಖ್ಯವಾದದ್ದು ಮುಂದೆಯೇ ಇರಲಿ.

ಇದೇ ಗುತ್ತಿಗೆದಾರರು ಹಣ ಕೇಳಿ ಬರೆಯುವಾಗ ಮೇಲ್ ಹೋಗಬೇಕಾದ್ದು ನಿಮ್ಮ ಪಾವತಿ ತಂಡಕ್ಕೆ. ಆ ತಂಡ ಬಿಲ್ಲನ್ನು ಪರ್ಚೇಸ್ ಆರ್ಡರ್‌ಗೂ ಕೆಲಸ ಮುಗಿದ ದಾಖಲೆಗೂ ತಾಳೆ ನೋಡಿದ ನಂತರವೇ ಹಣ ಬಿಡುತ್ತದೆ. ಹಾಗಾಗಿ ಇಲ್ಲಿ ಪಿಒ ನಂಬರ್ ಬೇಕೇ ಬೇಕು:

```
Payment due - Inv 0317/25-26 - PO 4500012345
```

`Urgent` ಎಂದು ಸೇರಿಸಿದರೆ ತಾಳೆ ನೋಡುವವರಿಗೆ ಹೊಸದೇನೂ ತಿಳಿಯುವುದಿಲ್ಲ. ಹಳೆಯ ಬಿಲ್ಲಿನ ಮೇಲ್‌ಗೆ ರಿಪ್ಲೈ ಮಾಡಿ ಹೊಸ ಬಿಲ್ ಕಳಿಸುವುದೂ ಬೇಡ, ಅದು ಇತ್ಯರ್ಥವಾದ ಹಳೆಯ ವಿಷಯದ ಕೆಳಗೆ ಸೇರಿಹೋಗುತ್ತದೆ. ಅದೇ ಬಿಲ್ಲಿನ ವಿಚಾರವಾದರೆ ಮಾತ್ರ ರಿಪ್ಲೈ ಮಾಡಿ, ಸಬ್ಜೆಕ್ಟ್‌ನಲ್ಲಿ ಅವರು ಹಾಕಿದ ಟಿಕೆಟ್ ನಂಬರ್ ಅಳಿಸಬೇಡಿ.

ಇಷ್ಟಾದರೂ ಹಣ ಬರದಿದ್ದರೆ ಮತ್ತೆ ಮತ್ತೆ ಅಕೌಂಟ್ಸ್‌ಗೆ ಬರೆದು ಫಲವಿಲ್ಲ. ಕೆಲಸ ಮುಗಿದಿದೆ ಎಂಬ ಎಂಟ್ರಿ ಆಗಿದೆಯೇ ಎಂದು ಕೆಲಸ ಮಾಡಿಸಿಕೊಂಡ ವಿಭಾಗವನ್ನು ಕೇಳಿ. ಆ ಎಂಟ್ರಿ ಆಗದೆ ಬಿಲ್ ಮುಂದೆ ಸಾಗದು.