ಒಂದೇ ಬಿಂದುವಿನಿಂದ ಹೊರಟ ಎರಡು ಗೆರೆಗಳು

ಪಿಸ್ಟನ್ ಇರುವ ಸಿಲಿಂಡರಿನಲ್ಲಿ ಒಂದು ಲೀಟರ್ ಗಾಳಿ ಇದೆ ಎನ್ನಿ. ಒತ್ತಡ 2 ಬಾರ್, ತಾಪ 300 ಕೆಲ್ವಿನ್, ಅಂದರೆ ಸುಮಾರು 27 ಡಿಗ್ರಿ ಸೆಲ್ಸಿಯಸ್. ಅದು ಪಿಸ್ಟನ್ನನ್ನು ತಳ್ಳುತ್ತಾ ಎರಡು ಲೀಟರಿಗೆ ಹಿಗ್ಗುತ್ತದೆ. ಅಡ್ಡಕ್ಕೆ ಗಾತ್ರ, ಮೇಲಕ್ಕೆ ಒತ್ತಡ ಗುರುತಿಸಿ ಈ ಪಯಣವನ್ನು ಗೆರೆಯಾಗಿ ಎಳೆದರೆ, ಗೆರೆಯ ಕೆಳಗಿನ ಜಾಗವೇ ಗಾಳಿ ಮಾಡಿದ ಕೆಲಸ. ಒಂದು ಬಾರ್ ಎತ್ತರ, ಒಂದು ಲೀಟರ್ ಅಗಲದ ಚೌಕಕ್ಕೆ 100 ಜೂಲ್.

ಸಿಲಿಂಡರನ್ನು 27 ಡಿಗ್ರಿಯ ನೀರಿನ ತೊಟ್ಟಿಯಲ್ಲಿಟ್ಟು ಪಿಸ್ಟನ್ನನ್ನು ಬಹಳ ನಿಧಾನವಾಗಿ ಬಿಟ್ಟರೆ ತಾಪ ಬದಲಾಗುವುದಿಲ್ಲ. ಇದು ಐಸೋಥರ್ಮಲ್ ಹಿಗ್ಗುವಿಕೆ. ಗಾತ್ರ ಇಮ್ಮಡಿಯಾದಾಗ ಒತ್ತಡ ಅರ್ಧವಾಗಿ 1 ಬಾರಿಗೆ ಇಳಿಯುತ್ತದೆ. ಗೆರೆಯ ಕೆಳಗಿನ ಜಾಗ ಸುಮಾರು 139 ಜೂಲ್. ಗಾಳಿಯ ಆಂತರಿಕ ಶಕ್ತಿ ತಾಪವನ್ನಷ್ಟೇ ನೆಚ್ಚಿರುವುದರಿಂದ ಅದು ಕದಲಿಲ್ಲ. ಉಷ್ಣಗತಿವಿಜ್ಞಾನದ ಮೊದಲ ನಿಯಮ ಹೇಳುವುದು ಲೆಕ್ಕವನ್ನೇ: ಒಳಬಂದ ಶಾಖ, ಆಂತರಿಕ ಶಕ್ತಿಯ ಏರಿಕೆ ಮತ್ತು ಹೊರಗೆ ಮಾಡಿದ ಕೆಲಸಗಳ ಮೊತ್ತಕ್ಕೆ ಸಮ. ಹಾಗಾದರೆ ಆ 139 ಜೂಲ್ ಪೂರ್ತಿ ತೊಟ್ಟಿಯ ನೀರಿನಿಂದ ಬಂದದ್ದು. ಶಾಖ ಗ್ರಾಫಿನಲ್ಲಿ ಎಲ್ಲೂ ಕಾಣುವುದಿಲ್ಲ, ಈ ಲೆಕ್ಕದಿಂದಲೇ ಅದನ್ನು ಹಿಡಿಯಬೇಕು.

ಈಗ ಅದೇ ಬಿಂದುವಿನಿಂದ, ಆದರೆ ಸಿಲಿಂಡರಿಗೆ ಶಾಖ ದಾಟದ ಹೊದಿಕೆ ಹೊದಿಸಿ ಹಿಗ್ಗಿಸೋಣ. ಇದು ಅಡಿಯಬ್ಯಾಟಿಕ್. ಹೊರಗಿನಿಂದ ಕಾಸು ಬರದಿದ್ದರೆ ಗಂಟು ಬಿಚ್ಚಲೇಬೇಕು; ಗಾಳಿ ತನ್ನ ಆಂತರಿಕ ಶಕ್ತಿಯಿಂದಲೇ ಖರ್ಚು ಮಾಡಿ ತಣ್ಣಗಾಗುತ್ತದೆ. ತಾಪ ಬಿದ್ದಂತೆ ಒತ್ತಡವೂ ಬೇಗ ಕುಸಿಯುವುದರಿಂದ ಗೆರೆ ಹೆಚ್ಚು ಕಡಿದಾಗಿರುತ್ತದೆ. ಎಷ್ಟು ಕಡಿದು? ಗಾಳಿಗೆ, ಹೊರಟ ಬಿಂದುವಿನಲ್ಲಿ 1.4 ಪಟ್ಟು. ಎರಡು ಲೀಟರ್ ತಲುಪಿದಾಗ ಒತ್ತಡ 0.76 ಬಾರ್, ತಾಪ 227 ಕೆಲ್ವಿನ್, ಅಂದರೆ ಸೊನ್ನೆಗಿಂತ ಸುಮಾರು 46 ಡಿಗ್ರಿ ಕೆಳಗೆ. ಕೆಲಸ 121 ಜೂಲ್ ಮಾತ್ರ. ಆಂತರಿಕ ಶಕ್ತಿಯೂ ಸರಿಯಾಗಿ ಅಷ್ಟೇ ಇಳಿದಿರುತ್ತದೆ.

ಎರಡೂ ಗೆರೆಗಳು ಬಾಗಿ ಇಳಿಯುವುದರಿಂದ ಬರಿಗಣ್ಣಿಗೆ ಒಂದೇ ಥರ ಕಾಣುತ್ತವೆ. ಬೇರ್ಪಡಿಸಲು ನನಗೆ ಮೆಚ್ಚಿನ ದಾರಿ ಗುಣಾಕಾರ. ಗೆರೆಯ ಮೇಲಿನ ಎರಡು ಚುಕ್ಕೆಗಳಲ್ಲಿ ಒತ್ತಡವನ್ನು ಗಾತ್ರದಿಂದ ಗುಣಿಸಿ. ಮೊದಲ ಗೆರೆಯಲ್ಲಿ 2 × 1 ಮತ್ತು 1 × 2, ಎರಡೂ ಒಂದೇ. ಎರಡನೆಯದರಲ್ಲಿ 2 ಇದ್ದದ್ದು 1.52 ಆಗಿದೆ. ಆ ಗುಣಲಬ್ಧ ಕುಗ್ಗಿತೆಂದರೆ ತಾಪವೂ ಅದೇ ಪ್ರಮಾಣದಲ್ಲಿ ಕುಗ್ಗಿದೆ. ಆದರೆ ತಾಪ ಇಳಿದದ್ದಷ್ಟರಿಂದಲೇ ಅಡಿಯಬ್ಯಾಟಿಕ್ ಎಂದುಬಿಡಬಾರದು. ಇಳಿದ ಆಂತರಿಕ ಶಕ್ತಿ ಗೆರೆಯ ಕೆಳಗಿನ ಜಾಗಕ್ಕೆ ಸಮವಿದೆಯೇ ನೋಡಬೇಕು. ಸಮವಿಲ್ಲದಿದ್ದರೆ ಎಲ್ಲೋ ಶಾಖ ಸೋರಿದೆ, ಇಲ್ಲವೇ ನುಸುಳಿದೆ.

ಇದಕ್ಕೆಲ್ಲ ಒಂದು ಷರತ್ತಿದೆ. ಪಯಣದುದ್ದಕ್ಕೂ ಗಾಳಿಗೆ ಒಂದೇ ಒತ್ತಡ ಎಂಬುದು ಇರಬೇಕು. 1845ರಲ್ಲಿ ಜೇಮ್ಸ್ ಜೂಲ್ ಒತ್ತಡದ ಗಾಳಿಯನ್ನು ಕವಾಟ ತೆರೆದು ಖಾಲಿ ಪಾತ್ರೆಗೆ ನುಗ್ಗಲು ಬಿಟ್ಟರು. ಸುತ್ತಲಿನ ನೀರಿನ ತಾಪದಲ್ಲಿ ಅವರಿಗೆ ವ್ಯತ್ಯಾಸ ಕಾಣಲಿಲ್ಲ. ಶಾಖವೂ ಇಲ್ಲ, ತಳ್ಳಲು ಪಿಸ್ಟನ್ ಇಲ್ಲದ್ದರಿಂದ ಕೆಲಸವೂ ಇಲ್ಲ. ಹಾಗಾಗಿ ಕೊನೆಯ ಚುಕ್ಕೆ ಐಸೋಥರ್ಮಲ್ ಗೆರೆಯ ಮೇಲೇ ಬೀಳುತ್ತದೆ. ಆದರೆ ಎರಡು ಚುಕ್ಕೆಗಳ ನಡುವೆ ಗೆರೆ ಎಳೆದು ಅದರ ಕೆಳಗಿನ ಜಾಗ ಅಳೆದರೆ, ನಡೆಯದ ಕೆಲಸಕ್ಕೆ ಲೆಕ್ಕ ಬರೆದಂತಾಗುತ್ತದೆ.